ಕಬ್ಬಿನ ಗದ್ದೆಗೆ ಡ್ರಿಪ್ ಹಾಕಿಸಿದ ಅಕ್ಕನ ಮಾತು: ಎರಡು ನಿಮಿಷದ ವಿಡಿಯೋಗೆ

ಅಕ್ಕಾ, ಡ್ರಿಪ್ ಬಗ್ಗೆ ನೀವು ಬರೆದ ಮೇಲ್ ಮೂರು ಸಲ ಓದಿದೆ. ವಿಡಿಯೋದಲ್ಲಿ ನೀವು ಹೇಳುವ ಮಾತು ಕೆಳಗಿದೆ. ನಾದಿನಿ ಮನೆ ಗೃಹಪ್ರವೇಶ, ಬ್ಯಾಂಕಿನ ಓಡಾಟ ಬಿಟ್ಟಿದ್ದೇನೆ. ಉಳಿದದ್ದೆಲ್ಲ ನಿಮ್ಮದೇ ಮಾತು, ಹಿಂದೆ ಮುಂದೆ ಮಾಡಿದ್ದೇನೆ ಅಷ್ಟೇ. ಡ್ರಿಪ್ ಅಂಗಡಿಯವರು ತಡ ಮಾಡಿದ್ದನ್ನು ತೆಗೆದಿಲ್ಲ. ಅವರಿಗೂ ಓದಿ ಹೇಳಿದೆ, ಒಪ್ಪಿದರು. ಬಾಯಿಪಾಠ ಮಾಡಬೇಡಿ. ಹೆಸರು ಪರದೆ ಮೇಲೆ ಬರುತ್ತದೆ, ನೀವು ಹೇಳಬೇಕಿಲ್ಲ.

ಗದ್ದೆ ಬದುವಿನ ಮೇಲೆ, ಬೆಳಗ್ಗೆ

ನಮ್ಮದು ಪಾಂಡವಪುರ ತಾಲ್ಲೂಕು. ಒಂದೂವರೆ ಎಕರೆ ಕಬ್ಬು. ನಾಲೆಯಲ್ಲಿ ನೀರು ಬಿಟ್ಟರೆ ಸರಿ, ಇಲ್ಲದಿದ್ದರೆ ಬೋರೇ ಗತಿ. ಕರೆಂಟು ರಾತ್ರಿ ಕೊಟ್ಟರೆ ರಾತ್ರಿಯೇ ಬ್ಯಾಟರಿ ಹಿಡಿದು ಹೋಗಿ ನೀರು ಕಟ್ಟಬೇಕಿತ್ತು. ಹಾವಿನ ಭಯ ಬೇರೆ.

ಡ್ರಿಪ್ ಹಾಕಿಸೋಣ ಎಂದವನು ಮಗ. ನನಗೆ ಮನಸ್ಸಿರಲಿಲ್ಲ. ಸಾಲು ತುಂಬ ನೀರು ಹರಿಸಿ ಬೆಳೆದವರು ನಾವು. ತೊಟ್ಟು ತೊಟ್ಟು ನೀರಿಗೆ ಕಬ್ಬು ಬರುತ್ತಾ ಅಂತ ಕೇಳಿದ್ದೆ.

ಕೊನೆಗೆ ಒಪ್ಪಿದೆ. ಪೈಪು ಹಾಕಲು ಅಂಗಡಿಯವರು ಹೇಳಿದ ದಿನಕ್ಕೆ ಬರಲಿಲ್ಲ. ಎಂಟು ದಿನ ತಡ. ಬಿತ್ತನೆ ತುಂಡು ಕಡಿದು ನೆರಳಲ್ಲಿ ಹಾಕಿ, ಗೋಣಿಚೀಲ ನೆನೆಸಿ ಹೊದಿಸಿದ್ದೆ. ಆದರೂ ಸ್ವಲ್ಪ ಹಾಳಾಯಿತು. ಫೋನಿನಲ್ಲಿ ಚೆನ್ನಾಗಿ ಬೈದೆ.

ಫಿಲ್ಟರ್ ಹತ್ತಿರ, ಕೈಯಲ್ಲಿ ಜಾಲರಿ ಹಿಡಿದು

ಮೂರನೇ ತಿಂಗಳಲ್ಲಿ ಸಾಲಿನ ತುದಿಯ ಪೈರು ಬಾಡತೊಡಗಿತು. ಮತ್ತೆ ಫೋನ್ ಮಾಡಿದೆ. ಬರುತ್ತಾರೆ ಅನ್ನೋ ನಂಬಿಕೆ ಇರಲಿಲ್ಲ. ಮಾರನೇ ದಿನ ಬೆಳಗ್ಗೆ ಏಳಕ್ಕೇ ಹುಡುಗ ಬೈಕಿನಲ್ಲಿ ಬಂದು ನಿಂತಿದ್ದ. ನಮ್ಮ ಬೋರ್ ನೀರಿನಲ್ಲಿ ಸುಣ್ಣದ ಅಂಶ ಜಾಸ್ತಿ. ಅದು ಕಟ್ಟಿಕೊಂಡು ಪೈಪಿನ ತೂತು ಮುಚ್ಚಿತ್ತು. ಆಸಿಡ್ ಬಿಟ್ಟು ಪೈಪು ತೊಳೆದ. ಸುಮ್ನೆ ರಿಪೇರಿ ಮಾಡಿ ಹೋಗಲಿಲ್ಲ. ಫಿಲ್ಟರ್ ಬಿಚ್ಚಿ ತೊಳೆಯುವುದು, ಪೈಪಿನ ತುದಿ ತೆರೆದು ಕೆಸರು ಹೊರಗೆ ಬಿಡುವುದು, ಎಲ್ಲವನ್ನೂ ನನ್ನ ಕೈಯಿಂದಲೇ ಮಾಡಿಸಿದ. ದುಡ್ಡು ಕೇಳಲಿಲ್ಲ. ಅವತ್ತಿಂದ ನನಗೆ ಇವರ ಮೇಲೆ ನಂಬಿಕೆ ಬಂತು. ಈಗ ವಾರಕ್ಕೊಂದು ಸಲ ನಾನೇ ತೊಳೆಯುತ್ತೇನೆ.

ಮತ್ತೆ ಗದ್ದೆ, ನಡೆಯುತ್ತಾ

ಈಗ ಸಂಜೆಯೇ ವಾಲ್ವ್ ತಿರುಗಿಸಿ ಬರುತ್ತೇನೆ. ಕರೆಂಟು ಬಂದಾಗ ಮೋಟರ್ ತಾನೇ ಓಡುತ್ತದೆ. ರಾತ್ರಿ ನಿದ್ದೆ ಮಾಡುತ್ತೇನೆ. ಸಾಲಿನ ಮಧ್ಯೆ ನೆಲ ಒಣಗಿರುತ್ತದೆ, ಕಳೆ ಕಮ್ಮಿ. ಯೂರಿಯಾನೂ ಕರಗಿಸಿ ಪೈಪಿನಲ್ಲೇ ಬಿಡುತ್ತೇವೆ.

ಇಳುವರಿ ಎಷ್ಟು ಜಾಸ್ತಿ ಆಯಿತು ಎಂದು ಕೇಳಿದರೆ ಈಗಲೇ ಹೇಳಲಾರೆ. ಇದು ಮೊದಲ ಕಟಾವು. ಈ ಸಲ ಮಳೆಯೂ ಚೆನ್ನಾಗಿ ಬಿತ್ತು. ಎಲ್ಲ ಡ್ರಿಪ್ಪಿನಿಂದಲೇ ಅಂತ ಹೇಳಿದರೆ ಸುಳ್ಳಾಗುತ್ತದೆ, ಅಲ್ವಾ? ಕೂಳೆ ಬೆಳೆ ಬರಲಿ, ಅದನ್ನು ನೋಡಿ ಹೇಳುತ್ತೇನೆ.

ಪಕ್ಕದ ಅರ್ಧ ಎಕರೆಗೂ ಇವರಿಗೇ ಹೇಳಿದ್ದೇನೆ. ಈ ಸಲ ನೀವು ಪೈಪು ತಂದು ಗದ್ದೆಯಲ್ಲಿ ಇಳಿಸಿದ ಮೇಲೇ ನಾನು ಬಿತ್ತನೆ ತುಂಡು ಕಡಿಯುವುದು ಎಂದಿದ್ದೇನೆ.