ಹಳೇ ಕೀಲಿ: ಮೂರು ನಿಮಿಷದ ಕಿರುಚಿತ್ರದ ಬೀಟ್ ಔಟ್‌ಲೈನ್

ಒಂದು ಸಾಲಿನ ಕಥೆ: ರಾತ್ರಿ ಹೊತ್ತು ಬಾಗಿಲು ತೆರೆಸೋಕೆ ಹೆಂಗಸೊಬ್ಬಳು ಬೀಗ ರಿಪೇರಿಯವನನ್ನು ಕರೆಸುತ್ತಾಳೆ, ಅದು ನಿಜವಾಗಿ ಅವಳ ಮನೆಯೇ ಅಂತ ಅವನು ಬೀಗ ಒಡೆಯುವ ಮೊದಲೇ ತಿಳಿಯಬೇಕು.

ಈ ಸಾಲಿನಿಂದ ತೆಗೆದುಕೊಂಡಿದ್ದು

ಇದು ಅವನ ಕಣ್ಣಿಂದ ನೋಡುವ ಕಥೆ. ಅವನಿಗೆ ಗೊತ್ತಾಗದ್ದು ನೋಡುಗರಿಗೂ ಗೊತ್ತಾಗಬಾರದು. ಜಾಗ ಒಂದೇ, ಬಾಗಿಲ ಮುಂದಿನ ಕಾರಿಡಾರ್. ಪಾತ್ರ ಎರಡೇ. ಅವನಿಗೆ ಐವತ್ತೈದರ ಹತ್ತಿರ, ಅವಳಿಗೆ ಮೂವತ್ತೈದು. ಅವನು ಅವಳನ್ನು ‘ಅಮ್ಮ’ ಅನ್ನುತ್ತಾನೆ, ಅವಳು ಅವನನ್ನು ‘ಅಣ್ಣ’ ಅನ್ನುತ್ತಾಳೆ. ಹೆಸರು ಬೇಕಿಲ್ಲ.

‘ಇದು ಅವಳ ಮನೆಯೇ?’ ಅನ್ನೋ ಪ್ರಶ್ನೆಗೆ ಹೌದು ಅಂತ ಉತ್ತರ ಕೊಟ್ಟು ಮುಗಿಸಿದರೆ ಅದು ಬರೀ ಒಗಟು. ಹಾಗಾಗಿ ಒಂದು ತಿರುವು ಸೇರಿಸಿದ್ದೇನೆ: ಅವನಿಗೆ ಸಿಗುವ ಸಾಕ್ಷಿಯೇ ಅವಳಿಗೆ ಬೀಳುವ ಪೆಟ್ಟು. ಉಳಿದ ಎಲ್ಲ ಬೀಟ್‌ಗಳೂ ಆ ಒಂದು ಕ್ಷಣಕ್ಕಾಗಿ ಕೆಲಸ ಮಾಡಬೇಕು.

ಬೀಟ್ 1 (0:00–0:20) ಬರುತ್ತಾನೆ

ಕಾರಿಡಾರ್‌ನ ಬಲ್ಬ್ ಕೆಟ್ಟಿದೆ. ಮೆಟ್ಟಿಲ ಕಡೆಯಿಂದ ಬರುವ ಬೆಳಕಷ್ಟೇ. ಅವಳು ಆಫೀಸ್ ಬ್ಯಾಗ್ ತಬ್ಬಿಕೊಂಡು ಬಾಗಿಲಿಗೆ ಒರಗಿ ಕೂತಿದ್ದಾಳೆ. ಅವನು ಟೂಲ್ ಬ್ಯಾಗ್ ಹಿಡಿದು ಮೇಲೆ ಬರುತ್ತಾನೆ. ಅವಳು ಧಡಕ್ಕನೆ ಏಳುತ್ತಾಳೆ. ಬಾಗಿಲ ಪಕ್ಕ ಕಸದ ಬುಟ್ಟಿ, ಅದರಲ್ಲಿ ಒಂದು ಸಣ್ಣ ರಟ್ಟಿನ ಡಬ್ಬಿ. ಫ್ರೇಮಿನ ಮೂಲೆಯಲ್ಲಿ ಅದು ಸುಮ್ನೆ ಕಾಣಬೇಕು, ಅಷ್ಟೆ. ಕ್ಯಾಮೆರಾ ಅದರ ಮೇಲೆ ನಿಂತರೆ ಕಥೆ ಇಲ್ಲೇ ಬಿಟ್ಟುಕೊಟ್ಟ ಹಾಗೆ.

ಬೀಟ್ 2 (0:20–0:45) ಕೀಲಿ ಒಳಗೆ ಹೋಗಲ್ಲ

ಅವಳು ಕೀಲಿ ತೋರಿಸುತ್ತಾಳೆ. “ಬೆಳಿಗ್ಗೆ ಇದೇ ಕೀಲಿ ಹಾಕ್ಕೊಂಡು ಹೋಗಿದ್ದೆ ಅಣ್ಣ. ಈಗ ಒಳಗೇ ಹೋಗ್ತಿಲ್ಲ.” ಅವನು ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು ಮಂಡಿಯೂರುತ್ತಾನೆ. ಟಾರ್ಚ್ ಬೆಳಕಲ್ಲಿ ಬೀಗದ ಮುಖ ಹೊಳೆಯುತ್ತದೆ, ಒಂದು ಗೀರೂ ಇಲ್ಲ. ಕೀಲಿ ಮಾತ್ರ ಸವೆದು ಮಂಕಾಗಿದೆ. ಅವನು ಕೀಲಿ ನೋಡುತ್ತಾನೆ, ಬೀಗ ನೋಡುತ್ತಾನೆ. ಏನೂ ಹೇಳಲ್ಲ. ಅನುಮಾನ ಶುರುವಾಗಿದ್ದು ಅವನ ಮೌನದಿಂದಲೇ ತಿಳಿಯಬೇಕು.

ಬೀಟ್ 3 (0:45–1:10) ಸಾಕ್ಷಿ ಕೇಳುತ್ತಾನೆ

“ಈ ಮನೆ ವಿಳಾಸ ಇರೋ ಕಾರ್ಡ್ ಏನಾದ್ರೂ ಇದೆಯಾ ಅಮ್ಮ?” ಅವಳು ಕೊಡುತ್ತಾಳೆ. ಫೋಟೊ ಅವಳದೇ, ವಿಳಾಸ ಬೇರೆ. “ಅದು ಮದುವೆಗೆ ಮುಂಚಿನದು, ಬದಲಾಯಿಸಿಲ್ಲ.” ಬಾಗಿಲ ಮೇಲಿನ ನಾಮಫಲಕದಲ್ಲಿ ಒಬ್ಬ ಗಂಡಸಿನ ಹೆಸರು. ಅವಳು ಒಳಗಿನದನ್ನೆಲ್ಲ ಗಡಿಬಿಡಿಯಲ್ಲಿ ಹೇಳಲು ಹೊರಡುತ್ತಾಳೆ: ಬಾಗಿಲ ಹಿಂದೆ ಕೊಡೆ, ಎಡಗಡೆ ಕನ್ನಡಿ. ಅವನು ಮಧ್ಯದಲ್ಲೇ ತಡೆಯುತ್ತಾನೆ. “ಒಳಗೆ ಹೋದಮೇಲೆ ತಾನೇ ನಾನು ಅದನ್ನ ನೋಡೋದು?”

ಬೀಟ್ 4 (1:10–1:25) ಫೋನ್

ಅವಳು ಗಂಡನಿಗೆ ಫೋನ್ ಮಾಡುತ್ತಾಳೆ. ಎರಡು ರಿಂಗ್, ಆ ಕಡೆಯಿಂದ ಕಟ್. “ಕೆಲಸದಲ್ಲಿರಬೇಕು” ಅನ್ನುತ್ತಾಳೆ. ಇಷ್ಟು ಹೊತ್ತಿನಲ್ಲಾ ಅಂತ ಅವನೂ ಕೇಳಲ್ಲ. ಟೂಲ್ ಬ್ಯಾಗ್‌ನ ಜಿಪ್ ಎಳೆಯುತ್ತಾನೆ. ಹೊರಡುವುದು ಖಚಿತ.

ಬೀಟ್ 5 (1:25–2:05) ಡಬ್ಬಿ

ಇಡೀ ಚಿತ್ರ ನಿಂತಿರೋದು ಇಲ್ಲಿ. ನಲವತ್ತು ಸೆಕೆಂಡ್, ಒಂದೇ ಒಂದು ಮಾತಿಲ್ಲ. ಅವಸರ ಬೇಡ.

ಬ್ಯಾಗ್ ಎತ್ತಿಕೊಂಡು ತಿರುಗುವಾಗ ಅವನ ಕಾಲು ಕಸದ ಬುಟ್ಟಿಗೆ ತಗಲುತ್ತದೆ. ಡಬ್ಬಿ ಉರುಳುತ್ತದೆ. ಅದರ ಮೇಲೆ ಬೀಗದ ಚಿತ್ರ. ಖಾಲಿ ಡಬ್ಬಿ ಇಷ್ಟು ಭಾರವಾಗಿ ಸದ್ದು ಮಾಡಲ್ಲ. ಎತ್ತಿ ಅಲ್ಲಾಡಿಸುತ್ತಾನೆ, ತೆರೆಯುತ್ತಾನೆ. ಒಳಗೆ ಹಳೇ ಸಿಲಿಂಡರ್, ಅಂದರೆ ಬೀಗದಲ್ಲಿ ಕೀಲಿ ಹಾಕುವ ಭಾಗ. ಅವಳ ಕೀಲಿಯ ಹಾಗೇ ಮಂಕು ಬಣ್ಣ.

ಅವನು ಅಂಗೈ ಚಾಚುತ್ತಾನೆ. ಅವಳಿಗೆ ಅರ್ಥವಾಗಲ್ಲ, ಆದರೂ ಕೀಲಿ ಕೊಡುತ್ತಾಳೆ. ಅವನು ಕೈಯಲ್ಲಿ ಹಿಡಿದಿರೋ ಸಿಲಿಂಡರ್‌ಗೆ ಕೀಲಿ ಹಾಕಿ ತಿರುಗಿಸುತ್ತಾನೆ. ಸಲೀಸಾಗಿ ತಿರುಗುತ್ತದೆ. ಸಿಲಿಂಡರ್ ನಡುವಿನ ಲೋಹದ ನಾಲಿಗೆ ಒಂದು ಸುತ್ತು ಬರುತ್ತದೆ.

ಅವನ ಮುಖದಲ್ಲಿ ಸಮಾಧಾನ: ಅವಳು ಸುಳ್ಳು ಹೇಳಿಲ್ಲ. ಅದನ್ನು ಹೇಳೋಕೆ ತಲೆ ಎತ್ತುತ್ತಾನೆ. ಅವಳ ಮುಖ ನೋಡಿ ಸುಮ್ಮನಾಗುತ್ತಾನೆ. ಬೀಗ ಕೆಟ್ಟಿಲ್ಲ, ಅವಳು ಹೊರಗಿದ್ದಾಗ ಯಾರೋ ಬದಲಾಯಿಸಿದ್ದಾರೆ. ಯಾರು ಅಂತ ಅವಳಿಗೆ ಗೊತ್ತು. ಕಣ್ಣೀರು ಬೇಡ. ಅವಳು ಕೈಯಲ್ಲಿದ್ದ ಫೋನಿನ ಪರದೆ ಆರಿಸಿ ಬ್ಯಾಗ್‌ಗೆ ಹಾಕಿಕೊಳ್ಳುತ್ತಾಳೆ, ಅಷ್ಟು ಸಾಕು.

ಬೀಟ್ 6 (2:05–2:35) ಟಾರ್ಚ್

ಇಲ್ಲಿಂದ ಪ್ರಶ್ನೆಯೇ ಬೇರೆ. ಇದು ಅವಳ ಮನೆಯೇ ಅಂತ ಅಲ್ಲ, ಅವಳಿಗೆ ಒಳಗೆ ಹೋಗೋ ಮನಸ್ಸಿದೆಯಾ ಅಂತ. ಅವನು ಡ್ರಿಲ್ ಹೊರತೆಗೆದು ಕಾಯುತ್ತಾನೆ. “ಒಮ್ಮೆ ಕೊರೆದ್ರೆ ಈ ಬೀಗ ಮತ್ತೆ ಕೆಲಸಕ್ಕೆ ಬರಲ್ಲಮ್ಮ.” ಅವಳು ಸ್ವಲ್ಪ ಹೊತ್ತು ನಿಲ್ಲುತ್ತಾಳೆ. ಆಮೇಲೆ ಅವನ ಕೈಯಿಂದ ಟಾರ್ಚ್ ತೆಗೆದುಕೊಂಡು ತಾನೇ ಬೀಗಕ್ಕೆ ಬೆಳಕು ಹಿಡಿಯುತ್ತಾಳೆ. ಅವಳ ಉತ್ತರ ಇದೇ. ಸ್ಕ್ರಿಪ್ಟ್ ಬರೆಯುವಾಗ ಇಲ್ಲಿ ಅವಳಿಗೊಂದು ಖಡಕ್ ಡೈಲಾಗ್ ಕೊಡೋ ಆಸೆ ಬರುತ್ತೆ, ದಯವಿಟ್ಟು ಕೊಡಬೇಡಿ. ಡ್ರಿಲ್ ಸದ್ದು ಕಾರಿಡಾರ್ ತುಂಬುತ್ತದೆ.

ಬೀಟ್ 7 (2:35–3:00) ಹಳೇ ಸಿಲಿಂಡರ್

ಬಾಗಿಲು ಅರ್ಧ ತೆರೆದಿದೆ. ಬಾಗಿಲ ಅಂಚಿನ ಒಂದು ಸ್ಕ್ರೂ ಬಿಚ್ಚಿ, ಒಡೆದ ಸಿಲಿಂಡರ್ ಎಳೆದು, ಆ ಜಾಗಕ್ಕೆ ಹಳೆಯದನ್ನು ಕೂರಿಸುತ್ತಾನೆ. “ತಿರುಗಿಸಿ ನೋಡಿ.” ಅವಳು ಕೀಲಿ ಹಾಕಿ ತಿರುಗಿಸುತ್ತಾಳೆ. ಬೋಲ್ಟ್ ಹೊರಬಂದ ಸದ್ದಿಗೇ ಪರದೆ ಕಪ್ಪು. ಮನೆ ಒಳಗಿನದು ತೋರಿಸೋದೇ ಇಲ್ಲ.

ತಂಡಕ್ಕೆ

ಪಕ್ಕದ ಮನೆಯವರ ಪಾತ್ರ ಇತ್ತು, ತೆಗೆದೆ. ಅವರು ಬಂದು ‘ಹೌದು, ಇವರ ಮನೆಯೇ’ ಅಂದರೆ ಬೀಟ್ 5ಕ್ಕೆ ಕೆಲಸವೇ ಇರಲ್ಲ. ಗಂಡ ವಾಪಸ್ ಬರುವ ಕೊನೆಯೂ ಬೇಡ, ಅದು ಇನ್ನೊಂದು ಸಿನಿಮಾ.

ಸ್ಕ್ರಿಪ್ಟ್ ಮೂರು ಪುಟ ದಾಟಬಾರದು. ಒಂದು ಪುಟ ಸುಮಾರು ಒಂದು ನಿಮಿಷ ಅನ್ನೋ ಲೆಕ್ಕ ಮಾತು ಜಾಸ್ತಿ ಇರೋ ಸೀನ್‌ಗೆ ಸರಿ. ಬೀಟ್ 5 ಕಾಗದದ ಮೇಲೆ ಎಂಟು ಸಾಲು ಬರಬಹುದು, ಪರದೆ ಮೇಲೆ ನಲವತ್ತು ಸೆಕೆಂಡ್ ತಿನ್ನುತ್ತೆ. ಅದನ್ನು ಸ್ಟಾಪ್‌ವಾಚ್ ಹಿಡಿದು ನಟಿಸಿ ನೋಡಿಯೇ ಉಳಿದದ್ದನ್ನು ಕತ್ತರಿಸೋಣ. ಮೊದಲು ಕತ್ತರಿ ಬೀಳಬೇಕಾದ್ದು ಬೀಟ್ 3ಕ್ಕೆ. ಕಾರ್ಡ್ ಮತ್ತು ನಾಮಫಲಕ ಎರಡೂ ಹೇಳೋದು ಒಂದೇ ವಿಷಯ, ಸಮಯ ಸಾಲದಿದ್ದರೆ ನಾಮಫಲಕ ಹೋಗಲಿ.

ಒಂದೇ ಅಳತೆಯ ಸಿಲಿಂಡರ್ ಬೇಕಾಗುತ್ತೆ: ಹಳೆಯದು ಒಂದು, ಕೊರೆಯೋಕೆ ಹೊಸದು ಕನಿಷ್ಠ ಮೂರು. ಪ್ರತಿ ಟೇಕ್‌ಗೂ ಒಂದು ಹಾಳಾಗುತ್ತೆ. ಡಬ್ಬಿ ಉರುಳುವ ಸದ್ದು, ಕೀಲಿ ತಿರುಗುವ ಸದ್ದು, ಕೊನೆಯ ಬೋಲ್ಟ್ ಸದ್ದು, ಈ ಮೂರನ್ನೂ ಮೈಕ್ ಹತ್ತಿರ ಹಿಡಿದು ಬೇರೆಯಾಗಿ ರೆಕಾರ್ಡ್ ಮಾಡಿಕೊಳ್ಳಬೇಕು.