ಗೋವಾದ ಒಣ ಕೋಕಂ ಸಿಪ್ಪೆ (ಮುರುಗಲು, ಪುನರ್ಪುಳಿ) – 250 ಗ್ರಾಂ

ಬೆಲೆ: ₹190. ಉಪ್ಪು ಹಚ್ಚಿ ಬಿಸಿಲಲ್ಲಿ ಒಣಗಿಸಿದ್ದು. ಬೀಜ ತೆಗೆದಿದೆ.

ಶಿರಸಿ ಕಡೆಯವರಿಗೆ ಇದು ಮುರುಗಲು. ಮಂಗಳೂರಿನವರಿಗೆ ಪುನರ್ಪುಳಿ. ಗೋವಾದಲ್ಲಿ ಒಣ ಸಿಪ್ಪೆಗೆ ಸೋಲಾಂ ಅನ್ನುತ್ತಾರೆ, ಮುಂಬೈ-ಪುಣೆಯ ಮರಾಠಿ ಅಂಗಡಿಯಲ್ಲಿ ಆಮಸೂಲ ಅಂತ ಕೇಳಬೇಕು. ಹೆಸರು ಯಾವುದಾದರೂ ಹಣ್ಣು ಒಂದೇ. ಆದರೆ ಉಪ್ಪಾಗೆ ಬೇರೆಯೇ ಹುಳಿಹಣ್ಣು, ಅದನ್ನು ಇದರ ಜೊತೆ ಬೆರೆಸಿಲ್ಲ.

ಏಪ್ರಿಲ್-ಮೇ ತಿಂಗಳಲ್ಲಿ ಹಣ್ಣು ಕಡುಕೆಂಪಾಗುತ್ತದೆ. ಮಳೆ ಹಿಡಿಯುವುದರೊಳಗೆ ಕೆಲಸ ಮುಗಿಯಬೇಕು. ಹಣ್ಣನ್ನು ಎರಡು ಹೋಳು ಮಾಡಿ, ಬೀಜ-ತಿರುಳು ಬೇರೆ ಮಾಡಿ, ಸಿಪ್ಪೆಯನ್ನು ಬಿಸಿಲಿಗೆ ಹರಡುತ್ತಾರೆ. ತಿರುಳಿನ ರಸಕ್ಕೆ ಉಪ್ಪು ಹಾಕಿಡುತ್ತಾರೆ. ಒಣಗಿದ ಸಿಪ್ಪೆಯನ್ನು ಆ ರಸದಲ್ಲಿ ಅದ್ದಿ ಮತ್ತೆ ಬಿಸಿಲಿಗೆ. ಹೀಗೆ ಹಲವು ಸಲ. ಪ್ರತಿ ಸಲವೂ ಸಿಪ್ಪೆ ಇನ್ನಷ್ಟು ಕಪ್ಪಾಗುತ್ತದೆ, ಹುಳಿ ಗಟ್ಟಿಯಾಗುತ್ತದೆ.

ಹಾಗಾಗಿ ಪ್ಯಾಕೆಟ್ ಒಡೆದಾಗ ಕೆಂಪು ಬಣ್ಣ ಕಾಣಿಸಲಿಲ್ಲ ಅಂತ ಗಾಬರಿಯಾಗಬೇಡಿ. ಕೈಗೆ ಸಿಗುವುದು ಕಪ್ಪು-ನೇರಳೆ ಬಣ್ಣದ, ಮುದುರಿಕೊಂಡ, ಸ್ವಲ್ಪ ಅಂಟಂಟಾದ ಸಿಪ್ಪೆ. ಒಂದಕ್ಕೊಂದು ಅಂಟಿಕೊಂಡಿರುತ್ತದೆ, ಬೆರಳಿನಿಂದ ಬಿಡಿಸಿಕೊಳ್ಳಬೇಕು. ಅದನ್ನು ಬೆಚ್ಚಗಿನ ನೀರಿಗೆ ಹಾಕಿ ಹತ್ತು ನಿಮಿಷ ಬಿಡಿ. ಬಣ್ಣ ಆಗ ಗೊತ್ತಾಗುತ್ತದೆ! ಮೇಲೆ ಅಲ್ಲಲ್ಲಿ ಬಿಳಿ ಹರಳು ಕಂಡರೆ ಅದು ಉಪ್ಪು, ಬೂಷ್ಟು ಅಲ್ಲ. ಉಪ್ಪಾದರೆ ನೀರಲ್ಲಿ ಕರಗುತ್ತದೆ. ಬೂಷ್ಟಾದರೆ ನಯವಾದ ಕೂದಲಿನ ಹಾಗೆ ಇರುತ್ತದೆ, ವಾಸನೆಯೂ ಬರುತ್ತದೆ. ಈ ಪ್ರಶ್ನೆ ನಮಗೆ ವಾರಕ್ಕೆರಡು ಸಲ ಬರುವುದರಿಂದ ಮೊದಲೇ ಹೇಳಿಬಿಟ್ಟೆವು.

ಅಡುಗೆಗೆ ಎಷ್ಟು? ನಾಲ್ಕು ಜನರ ಬಂಗುಡೆ ಸಾರಿಗೆ 4-5 ಸಿಪ್ಪೆ ಸಾಕು. ಮೀನು ಹಾಕುವ ಹೊತ್ತಿಗೆ ಹಾಕಿ. ಜಾಸ್ತಿ ಕುದಿಸಿದರೆ ಹುಳಿ ಒಗರಾಗುತ್ತದೆ. ಸಿಪ್ಪೆಯಲ್ಲೇ ಉಪ್ಪಿದೆ, ಆದ್ದರಿಂದ ಉಪ್ಪನ್ನು ಕೊನೆಗೆ ರುಚಿ ನೋಡಿಯೇ ಹಾಕಿ. ಮೀನು ತಿನ್ನದ ಮನೆಯಲ್ಲಿ ಸಾರು ಮಾಡಿ: 6 ಸಿಪ್ಪೆ, ಮೂರು ಲೋಟ ನೀರು, ಒಂದು ತುಂಡು ಬೆಲ್ಲ, ಸೀಳಿದ ಹಸಿಮೆಣಸು, ತುಪ್ಪದಲ್ಲಿ ಜೀರಿಗೆ-ಇಂಗಿನ ಒಗ್ಗರಣೆ. ಅನ್ನಕ್ಕೂ ಸರಿ, ಸುಮ್ನೆ ಲೋಟದಲ್ಲಿ ಕುಡಿಯೋದಕ್ಕೂ ಸರಿ.

ಸೋಲ್‌ಕಡಿಗೆ 8-10 ಸಿಪ್ಪೆಯನ್ನು ಒಂದು ಲೋಟ ಬೆಚ್ಚಗಿನ ನೀರಲ್ಲಿ ಅರ್ಧ ಗಂಟೆ ನೆನೆಸಿ, ಹಿಂಡಿ, ಸೋಸಿ. ತೆಂಗಿನಹಾಲು, ಜಜ್ಜಿದ ಬೆಳ್ಳುಳ್ಳಿ, ಹಸಿಮೆಣಸು, ಕೊತ್ತಂಬರಿ ಸೇರಿಸಿದರೆ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಒಲೆ ಮೇಲೆ ಇಡಬೇಡಿ, ಒಡೆದುಹೋಗುತ್ತದೆ.

ಸಿಹಿ ಶರಬತ್ತಿಗೆ ಅಂತ ತರಿಸುತ್ತಿದ್ದೀರಾ? ಹಾಗಾದರೆ ಇದು ಬೇಡ. ಉಪ್ಪಿನ ಸಿಪ್ಪೆಯಿಂದ ಮಾಡಿದ ಶರಬತ್ತಿನಲ್ಲಿ ಎಷ್ಟು ತೊಳೆದರೂ ಉಪ್ಪು ನಾಲಿಗೆಗೆ ಹತ್ತುತ್ತದೆ. ಅದಕ್ಕೆ ಸಕ್ಕರೆ ಹಾಕಿದ ಕೋಕಂ ಸಿರಪ್ಪೇ ಸರಿ. ಕೋಕಂ ಪಿತ್ತಕ್ಕೆ ಒಳ್ಳೇದು, ಸೆಕೆಗೆ ತಂಪು ಅಂತ ಅಜ್ಜಿಯರು ಹೇಳುತ್ತಾರೆ, ನಮ್ಮ ಮನೆಯಲ್ಲೂ ಹೇಳುತ್ತಾರೆ. ಆದರೆ ನಾವು ಮಾರುತ್ತಿರುವುದು ಅಡುಗೆಯ ಹುಳಿ, ಔಷಧ ಅಲ್ಲ. ಬಿ.ಪಿ. ಇದ್ದು ಉಪ್ಪು ಕಡಿಮೆ ಮಾಡಿದವರು ಸಿಪ್ಪೆಯ ಉಪ್ಪನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಬಂದ ಕೂಡಲೇ ಗಾಜಿನ ಬಾಟಲಿಗೋ ಭರಣಿಗೋ ತುಂಬಿಡಿ. ಅಲ್ಯೂಮಿನಿಯಂ ಡಬ್ಬಿ ಬೇಡ, ಹುಳಿ ಅದನ್ನು ತಿನ್ನುತ್ತದೆ. ಒದ್ದೆ ಕೈ ಹಾಕದಿದ್ದರೆ ಒಂದು ವರ್ಷ ಆರಾಮಾಗಿ ಇರುತ್ತದೆ. ಮಳೆಗಾಲದಲ್ಲಿ ಇನ್ನಷ್ಟು ಅಂಟಾಗುತ್ತದೆ, ಏನೂ ಆಗಿರುವುದಿಲ್ಲ. ವಾರಕ್ಕೆ ಮೂರು ಸಲ ಬಳಸುವ ಮನೆಗೆ 250 ಗ್ರಾಂ ಸುಮಾರು ಒಂದೂವರೆ ತಿಂಗಳು ಬರುತ್ತದೆ. ಮೊದಲ ಸಲ ತರಿಸುವವರು ಒಂದೇ ಪ್ಯಾಕೆಟ್ ತಗೊಳ್ಳಿ.

ಮಡಗಾಂವ್‌ನಿಂದ ಕಳಿಸುತ್ತೇವೆ. ಗೋವಾದೊಳಗೆ 2 ದಿನ, ಪುಣೆ-ಮುಂಬೈಗೆ 3-4 ದಿನ, ಕರ್ನಾಟಕಕ್ಕೆ 4-5 ದಿನ. ಮೂರು ಪ್ಯಾಕೆಟ್‌ಗೆ ಮೇಲ್ಪಟ್ಟರೆ ಕೊರಿಯರ್ ಖರ್ಚು ನಮ್ಮದು. ಪ್ಯಾಕೆಟ್ ಹರಿದು ಬಂದರೆ 3 ದಿನದೊಳಗೆ ಫೋಟೋ ಕಳಿಸಿ, ಬೇರೆ ಕಳಿಸುತ್ತೇವೆ. ತೆರೆದ ಪ್ಯಾಕೆಟ್ ವಾಪಸ್ ಇಲ್ಲ.