ಶಾರದಕ್ಕನಿಗೆ, ಎರಡನೇ ಕೌಂಟರಿನಿಂದ

ಶಾರದಕ್ಕಾ,

ಟೆಲಿಗ್ರಾಂ ಕಾಲ ಆಗಿದ್ದರೆ ನನ್ನ ಕೆಲಸ ಸುಲಭವಿತ್ತು. ಮದುವೆಗೆ ಒಂದು ನಂಬರ್, ದೀಪಾವಳಿಗೆ ಇನ್ನೊಂದು ನಂಬರ್ ಅಂತ ಶುಭಾಶಯಗಳ ಪಟ್ಟಿಯೇ ಇತ್ತಂತಲ್ಲ, ನೀವೇ ಹೇಳಿದ್ದು. ನಂಬರ್ ಬರೆದರೆ ಸಾಕು, ಆ ಕಡೆ ಪೂರ್ತಿ ವಾಕ್ಯ ತಲುಪುತ್ತಿತ್ತು. 2013ರ ಜುಲೈಗೆ ಆ ಕತೆ ಮುಗಿಯಿತು. ನಾನು ಸೇರಿದ್ದು ಮರುವರ್ಷ. ಹಾಗಾಗಿ ಪೂರ್ತಿ ಬರೆಯಲೇಬೇಕು. ನಿಮ್ಮ ಬೀಳ್ಕೊಡುಗೆಗೆ ಕಾರ್ಡು ಬೇರೆ ಇಷ್ಟು ದೊಡ್ಡದು ತಂದಿದ್ದಾರೆ. "ಜಾಗ ಖಾಲಿ ಬಿಡಬೇಡ, ದುಡ್ಡು ಕೊಟ್ಟಿದ್ದೇವೆ" ಎಂದು ಪೋಸ್ಟ್‌ಮನ್ ಗಣಪಣ್ಣ ತಾಕೀತು ಮಾಡಿದ್ದಾರೆ.

ಕಣ್ಣೀರು ತರಿಸುವಂಥದ್ದು ಏನೂ ಇರಬಾರದು ಎಂಬ ನಿಮ್ಮ ಶರತ್ತು ನೆನಪಿದೆ. ಅದಕ್ಕೇ ಜಗಳದಿಂದಲೇ ಶುರು ಮಾಡುತ್ತೇನೆ.

ಜಗಳ ನಿಮ್ಮ ಮೇಲಲ್ಲ, ನಿಮ್ಮನ್ನು ಒಂದನೇ ಕ್ಲಾಸಿಗೆ ಸೇರಿಸಿಕೊಂಡ ಮೇಷ್ಟ್ರ ಮೇಲೆ. ನೀವು ನಿಜಕ್ಕೂ ಹುಟ್ಟಿದ್ದು ನವರಾತ್ರಿ ಹೊತ್ತಿಗೆ ಎಂದು ನಿಮ್ಮ ಆಯಿ ಹೇಳುತ್ತಾರಂತೆ. ಮೇಷ್ಟ್ರು ಮಾತ್ರ ಊರಿನ ಮಕ್ಕಳಿಗೆಲ್ಲ ಬರೆದ ಹಾಗೆ ನಿಮಗೂ ಜೂನ್ 1 ಎಂದು ಬರೆದು ಕೈತೊಳೆದುಕೊಂಡರು. ಒಂದನೇ ತಾರೀಕು ಹುಟ್ಟಿದವರು ಹಿಂದಿನ ತಿಂಗಳ ಕೊನೆಗೇ ರಿಟೈರ್ ಆಗಬೇಕು ಎಂಬುದು ರೂಲು. ಅಲ್ಲಿಗೆ ಮೇ 31. ಮೇಷ್ಟ್ರು ಸ್ವಲ್ಪ ವಿಚಾರಿಸಿ ಬರೆದಿದ್ದರೆ ಅಕ್ಟೋಬರ್ ಕೊನೆಯವರೆಗೂ ನೀವು ಇಲ್ಲೇ ಇರುತ್ತಿದ್ದಿರಿ. ಐದು ತಿಂಗಳು ನಷ್ಟ. ನಿಮಗಲ್ಲ, ನಮಗೆ. ಸಾಲದ್ದಕ್ಕೆ ಈ ಸಲ 31 ಭಾನುವಾರ ಬಂದು ಇನ್ನೂ ಒಂದು ದಿನ ಹೋಯಿತು.

1988ರಲ್ಲಿ ನೀವು ಈ ಕುರ್ಚಿಗೆ ಬಂದಾಗ ಎಲ್ಲವೂ ಲೆಡ್ಜರು, ಅರಗು, ಸುತ್ತಲಿ ದಾರ. ಆಮೇಲೆ ಕಂಪ್ಯೂಟರ್ ಬಂತು, ಪಾಸ್‌ಬುಕ್ ಪ್ರಿಂಟರ್ ಬಂತು, ಕಾಗದದ ಮನಿಯಾರ್ಡರ್ ಹೋಯಿತು, ಹೋದ ವರ್ಷ ರಿಜಿಸ್ಟರ್ಡ್ ಪೋಸ್ಟೂ ಸ್ಪೀಡ್ ಪೋಸ್ಟಿನೊಳಗೆ ಸೇರಿಕೊಂಡಿತು. ಜನ ಮಾತ್ರ ಇವತ್ತಿಗೂ "ಒಂದು ರಿಜಿಸ್ಟರ್ ಮಾಡ್ಬೇಕಿತ್ತು" ಎನ್ನುತ್ತಲೇ ಬರುತ್ತಾರೆ. ನೀವೂ "ಕೊಡಿ, ಮಾಡೋಣ" ಎಂದೇ ತೆಗೆದುಕೊಳ್ಳುತ್ತೀರಿ. ಹೆಸರು ಬದಲಾದ ಪುರಾಣವೆಲ್ಲ ರಸೀದಿ ಕೊಡುವಾಗ. ನಾನಾದರೆ ಮೊದಲು ಭಾಷಣ ಮಾಡಿ, ಆಮೇಲೆ ಲಕೋಟೆ ಮುಟ್ಟುತ್ತಿದ್ದೆ.

ನಿಮ್ಮ ಪೆನ್ನಿನ ವಿದ್ಯೆಯನ್ನು ಇಲ್ಲಿ ದಾಖಲಿಸಬೇಕು. ಕೌಂಟರಿನ ಪೆನ್ನಿಗೆ ದಾರ ಕಟ್ಟಿದ್ದಾಯಿತು, ದಾರದ ಸಮೇತ ಹೋಯಿತು. ಕೊನೆಗೆ ನೀವು ಪೆನ್ನು ಕೊಟ್ಟು ಕ್ಯಾಪ್ ಇಟ್ಟುಕೊಳ್ಳಲು ಶುರು ಮಾಡಿದಿರಿ. ಕ್ಯಾಪ್ ಇಲ್ಲದ ಪೆನ್ನನ್ನು ಯಾರೂ ಜೇಬಿಗೆ ಹಾಕಿಕೊಳ್ಳುವುದಿಲ್ಲ ಎಂದಿರಿ. ಇಲಾಖೆಯ ಟ್ರೈನಿಂಗಿನಲ್ಲಿ ಇದನ್ನು ಯಾರೂ ಹೇಳಿಕೊಡಲಿಲ್ಲ. ನಿಮ್ಮ ಡ್ರಾಯರ್ ಖಾಲಿ ಮಾಡುವಾಗ 23 ಕ್ಯಾಪ್ ಸಿಕ್ಕವು. ಅಂದರೆ ಆ ವಿದ್ಯೆಯೂ ಪೂರ್ತಿ ಕೆಲಸ ಮಾಡಿಲ್ಲ, ಅಲ್ವಾ?

ಈಗ 2016ರ ನವೆಂಬರ್. ಇದನ್ನು ಬರೆಯಬೇಡ ಎನ್ನುತ್ತೀರಿ, ಬರೆಯುತ್ತೇನೆ. ಹಳೆಯ ಐನೂರು, ಸಾವಿರದ ನೋಟು ಬದಲಿಸಲು ಬೆಳಗ್ಗೆ ಎಂಟಕ್ಕೇ ಗೇಟಿನಾಚೆವರೆಗೆ ಸಾಲು. ಊಟವಿಲ್ಲ, ನೀರಿಲ್ಲ. ನನಗೆ ಕೆಲಸಕ್ಕೆ ಸೇರಿ ಎರಡೇ ವರ್ಷ. ಸಂಜೆ ಲೆಕ್ಕ ಹಾಕಿದರೆ ಎರಡು ಸಾವಿರ ಕಡಿಮೆ. ಮೂರು ಸಲ ಎಣಿಸಿದೆ, ಮೂರು ಸಲವೂ ಅಷ್ಟೇ ಕಡಿಮೆ. ಕೈಯಿಂದ ಕಟ್ಟಲು ನನಗೆ ಆ ತಿಂಗಳು ಗತಿಯಿರಲಿಲ್ಲ. ಅವತ್ತು ಅದು ನಿಮಗೆ ಹೇಗೆ ಗೊತ್ತಾಯಿತೋ, ಕೇಳಿಲ್ಲ. ನೀವು ನಿಮ್ಮ ಚೀಲ ಹೆಗಲಿಗೆ ಹಾಕಿಕೊಂಡಾಗಿತ್ತು, ಕೊನೇ ಬಸ್ಸಿನ ಹೊತ್ತು. ಚೀಲ ಕೆಳಗಿಟ್ಟಿರಿ. "ಇನ್ನೊಂದ್ಸಲ ಎಣಿಸು, ನನ್ನ ಮುಂದೆ" ಎಂದಿರಿ. ಹೊಸ ಎರಡು ಸಾವಿರದ ನೋಟು ಎರಡು ಅಂಟಿಕೊಂಡು ಒಂದೇ ಆಗಿ ಕೂತಿದ್ದವು. ನಾನು ಮೂರು ಸಲವೂ ಅವಸರದಲ್ಲಿ ಹಾಗೇ ದಾಟಿಸಿದ್ದೆ. ನೀವು ಬಯ್ಯಲಿಲ್ಲ. ನೀರಿನ ಸ್ಪಂಜಿನ ಡಬ್ಬಿಯನ್ನು ನನ್ನ ಕಡೆ ತಳ್ಳಿ, "ಬೆರಳು ಒದ್ದೆ ಮಾಡ್ಕೋ ಮಾರಾಯ್ತಿ" ಎಂದಿರಿ, ಅಷ್ಟೇ. ಕೊನೇ ಬಸ್ಸು ಹೋಗಿತ್ತು. ಗಣಪಣ್ಣನ ಬೈಕಿನಲ್ಲಿ ಮನೆಗೆ ಹೋದಿರಿ. ಮರುದಿನ ಆ ವಿಷಯ ಯಾರ ಬಾಯಲ್ಲೂ ಇರಲಿಲ್ಲ. ಇವತ್ತು ನಾನೇ ಬರೆದು ಎಲ್ಲರಿಗೂ ಹೇಳಿದ ಹಾಗಾಯಿತು, ಇರಲಿ.

ಆ ಸ್ಪಂಜಿನ ಡಬ್ಬಿ ನನ್ನ ಟೇಬಲ್ಲಿನಲ್ಲೇ ಇದೆ. ವಾಪಸ್ ಕೇಳಬೇಡಿ.

ಹೊಸ ಹುಡುಗ ಹೋದ ವಾರ ಕೇಳಿದ, "ಅಕ್ಕ ಹೋದ ಮೇಲೆ ಪೆನ್ಷನ್ ಅಜ್ಜಿಯರನ್ನ ಯಾರು ಸಂಭಾಳಿಸ್ತಾರೆ?" ನೆಟ್ ಕೈಕೊಟ್ಟ ದಿನ ನೀವು ಅವರನ್ನು ಬೆಂಚಿನ ಮೇಲೆ ಕೂರಿಸಿ, ಅಡಿಕೆ ರೇಟಿನಿಂದ ಹಿಡಿದು ಮೊಮ್ಮಗಳ ಬಾಣಂತನದವರೆಗೆ ಮಾತಾಡಿಸುತ್ತೀರಿ. ಅಷ್ಟರಲ್ಲಿ ನೆಟ್ ಬಂದಿರುತ್ತದೆ. ಬರದಿದ್ದರೂ ಅವರು ಸಿಟ್ಟಾಗಿ ಹೋಗುವುದಿಲ್ಲ. ನಾನು ಪ್ರಯತ್ನ ಮಾಡಿ ನೋಡಿದ್ದೇನೆ. ಅಡಿಕೆ ರೇಟು ಗೊತ್ತಿಲ್ಲದವಳ ಜೊತೆ ಅವರಿಗೆ ಮಾತೇ ಬೇಡ. ಸೋಮವಾರದಿಂದ ಪೇಪರಿನಲ್ಲಿ ಮೊದಲು ಅದನ್ನೇ ನೋಡುತ್ತೇನೆ.

ಬೇಸಗೆ ಬಂದರೆ ನಿಮ್ಮ ಅಪ್ಪೆಮಿಡಿ ಬಾಟಲಿ, ಮಳೆಗಾಲದಲ್ಲಿ ಸ್ಟ್ಯಾಂಪುಗಳು ಒಂದಕ್ಕೊಂದು ಅಂಟಬಾರದು ಎಂದು ನೀವು ಹಾಳೆಗಳ ನಡುವೆ ಇಡುವ ಕಾಗದ, ಶಿರಸಿ ಜಾತ್ರೆಗೆ ರಜ ಹಾಕಲು ನೀವು ತಿಂಗಳ ಮೊದಲೇ ನಡೆಸುವ ರಾಜಕೀಯ, ಫ್ಯಾನಿನ ರೆಗ್ಯುಲೇಟರ್ ಮೂರಕ್ಕಿಂತ ಮೇಲೆ ಹೋಗಬಾರದೆಂಬ ಹಟ. ಎಲ್ಲ ಬರೆಯುತ್ತ ಹೋದರೆ ಕಾರ್ಡಿಗೆ ಓವರ್‌ವೇಟ್ ಚಾರ್ಜು ಬೀಳುತ್ತದೆ. ಫ್ಯಾನನ್ನು ಮಾತ್ರ ಸೋಮವಾರ ಐದಕ್ಕೆ ತಿರುಗಿಸುತ್ತೇವೆ, ಮೊದಲೇ ಹೇಳಿದ್ದೇನೆ.

ಉಡುಗೊರೆ ವಿಷಯ. ಗೋಡೆ ಗಡಿಯಾರ ಬೇಡ ಎಂದು ಹತ್ತು ಜನರ ಬೀಳ್ಕೊಡುಗೆಯಲ್ಲಿ ನೀವೇ ಹೇಳಿದವರು. ತಾರೀಕಿನ ಮೊಹರು ಕೊಡೋಣವೆಂದರೆ ಅದು ಸರ್ಕಾರದ್ದು. ಅದಕ್ಕೇ ನಿಮ್ಮ ಫೋಟೋ ಇರುವ 'ಮೈ ಸ್ಟ್ಯಾಂಪ್' ಹಾಳೆ ಮಾಡಿಸಿದ್ದೇವೆ. ಹಾಳೆಯಲ್ಲಿ 12 ಸ್ಟ್ಯಾಂಪು, ಐದೈದು ರೂಪಾಯಿಯವು. ಚೌಕಟ್ಟು ಹಾಕಿಸಿ ಗೋಡೆಗೆ ನೇತು ಹಾಕಬೇಡಿ. ತಿಂಗಳಿಗೊಂದರಂತೆ ನಮಗೆ ಪತ್ರ ಬರೆದು ಅಂಟಿಸಿ. ಈ ಕಾರ್ಡಿನ ಮೂಲೆಯಲ್ಲಿರುವ ಸ್ಟ್ಯಾಂಪಿನ ಮೇಲೆ ಇವತ್ತಿನ ಮೊಹರು, 30 ಮೇ 2026, ಗಣಪಣ್ಣ ಒತ್ತಿದ್ದು. ಸ್ವಲ್ಪ ವಾರೆಯಾಗಿದೆ. ನೀವಾಗಿದ್ದರೆ ನೆಟ್ಟಗೆ ಬೀಳುತ್ತಿತ್ತು.

ಇನ್ನೊಂದು ಮುಖ್ಯ ಮಾತು. ಸೋಮವಾರ ಜೂನ್ 1. ಮೇಷ್ಟ್ರ ಲೆಕ್ಕದಲ್ಲಿ ಅವತ್ತಿಗೆ ನಿಮಗೆ ಅರವತ್ತು, ನೀವು ಸೀನಿಯರ್ ಸಿಟಿಜನ್. ಎಷ್ಟೋ ವರ್ಷದಿಂದ ಬೇರೆಯವರಿಗೆ ತುಂಬಿಕೊಟ್ಟ ಆ ಹಿರಿಯರ ಉಳಿತಾಯದ ಫಾರಂ ಈಗ ನಿಮ್ಮ ಪಾಲಿಗೂ ಬಂತು. ಪೆನ್ಷನ್ ದುಡ್ಡೆಲ್ಲ ಕೈಗೆ ಬಂದ ಮೇಲೆ ಬೇರೆ ಕಡೆ ಹೋಗಬೇಡಿ, ಇಲ್ಲಿಗೇ ಬನ್ನಿ. ಆಧಾರ್, ಪ್ಯಾನ್ ಎರಡರದ್ದೂ ಜೆರಾಕ್ಸ್ ಬೇಕು, ಫೋಟೋ ಬೇಕು, ನಾಮಿನಿ ಹೆಸರು ಬೇಕು. ಅಕ್ಕ ಅಂತ ಒಳಗೆ ಬಿಡುವುದಿಲ್ಲ, ಸಾಲಿನಲ್ಲೇ ಬರಬೇಕು. ಪೆನ್ನು ಕೊಡುತ್ತೇನೆ, ಕ್ಯಾಪ್ ನನ್ನ ಹತ್ತಿರ ಇರುತ್ತದೆ. ದುಡ್ಡನ್ನು ನಿಮ್ಮ ಮುಂದೆಯೇ ಎರಡು ಸಲ ಎಣಿಸುತ್ತೇನೆ.

ನೆಟ್ ಇಲ್ಲದಿದ್ದರೆ ಬೆಂಚಿನ ಮೇಲೆ ಕೂತಿರಿ. ಅಜ್ಜಿಯರು ಇರುತ್ತಾರೆ.

ನಿಮ್ಮ
ಮಂಜುಳಾ, ಎರಡನೇ ಕೌಂಟರ್
(ಗಣಪಣ್ಣ, ಹೊಸ ಹುಡುಗ ಮತ್ತು ಸಾರ್ಟಿಂಗಿನವರೆಲ್ಲ ಓದಿ ಒಪ್ಪಿದ್ದಾರೆ)